ಸೋರುವ ಮಾಳಿಗೆಯ ತರ್ಕ: ಶರೀಫರ ಒಂದು ತತ್ವಪದದಲ್ಲಿ ಸಾಂಗರೂಪಕದ ನಡೆ

ಶಿಶುನಾಳ ಶರೀಫರ (1819–1889) ಸೋರುವ ಮಾಳಿಗೆಯ ತತ್ವಪದವನ್ನು ಕೇಳದ ಕನ್ನಡಿಗರು ಕಡಿಮೆ. ಅದರ ಅರ್ಥ ಹೇಳುವವರೆಲ್ಲ ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತಾರೆ: ಮನೆ ಎಂದರೆ ದೇಹ, ಸೋರುವುದು ಎಂದರೆ ಅಜ್ಞಾನ, ಅಲ್ಲಿಗೆ ಮುಗಿಯಿತು. ಹೀಗೆ ಮುಗಿಸಿದಾಗ ರೂಪಕ ಪದದಿಂದ ಪದಕ್ಕೆ ಹೇಗೆ ನಡೆಯುತ್ತದೆ, ಎಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂಬ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಈ ಲೇಖನ ಆ ನಡೆಯನ್ನು ಹಿಂಬಾಲಿಸುತ್ತದೆ. ತತ್ವಪದಗಳು ಬಾಯಿಂದ ಬಾಯಿಗೆ ಬಂದವು, ಪಾಠಾಂತರಗಳಿವೆ. ಇಲ್ಲಿ ಹೆಚ್ಚು ಹಾಡುವ ಪಾಠವನ್ನೇ ಇಟ್ಟುಕೊಂಡಿದ್ದೇನೆ.

ಒಂದು ಹೋಲಿಕೆಯನ್ನು ಅಂಗಾಂಗಗಳ ಸಮೇತ ಬೆಳೆಸುವುದನ್ನು ನಮ್ಮ ಆಲಂಕಾರಿಕರು ಸಾಂಗರೂಪಕ ಎಂದು ಕರೆದರು. ಮಮ್ಮಟನು ಕಾವ್ಯಪ್ರಕಾಶದಲ್ಲಿ ಅದನ್ನು ಎರಡಾಗಿ ಒಡೆಯುತ್ತಾನೆ. ಎಲ್ಲ ಅಂಗಗಳ ಸಮೀಕರಣವನ್ನೂ ಬಾಯಿಬಿಟ್ಟು ಹೇಳಿದರೆ ಅದು ಸಮಸ್ತವಸ್ತುವಿಷಯ. ಕೆಲವನ್ನು ಹೇಳಿ ಉಳಿದವನ್ನು ಓದುಗನ ಊಹೆಗೆ ಬಿಟ್ಟರೆ ಏಕದೇಶವಿವರ್ತಿ. ಶರೀಫರದು ಎರಡನೆಯ ಬಗೆ. ಸೋರಿಕೆಗೆ ಕಾರಣ ಅಜ್ಞಾನವೆಂದೂ ಮುತ್ತಿದ ಇರುವೆಗಳು ಭವದ ದುರಿತವೆಂದೂ ಅವರು ಬಿಚ್ಚಿ ಹೇಳುತ್ತಾರೆ. ತೊಲೆ ಯಾವುದು, ಜಂತಿ ಯಾವುದು, ಎಲ್ಲಕ್ಕಿಂತ ಮುಖ್ಯವಾಗಿ ನೀರು ಯಾವುದು ಎಂಬುದನ್ನು ಹೇಳುವುದಿಲ್ಲ. ಪದದ ಒಗಟೆಲ್ಲ ಈ ನೀರಿನಲ್ಲಿದೆ.

ತರ್ಕವನ್ನು ಪರೀಕ್ಷಿಸಬೇಕಾದರೆ ಮೊದಲು ಮಾಳಿಗೆಯನ್ನು ತಿಳಿದಿರಬೇಕು. ವಿಜಯಪುರದ ಜೋರಾಪುರ ಪೇಟೆಯಂಥ ಹಳೆಯ ಓಣಿಗಳಲ್ಲಿ, ತಿಕೋಟಾ, ಬಬಲೇಶ್ವರದ ಕಡೆಯ ಹಳ್ಳಿಗಳಲ್ಲಿ ಬೆಳೆದ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. ಗೋಡೆಯಿಂದ ಗೋಡೆಗೆ ದಪ್ಪ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹೊದಿಕೆ, ಕೊನೆಗೆ ದಪ್ಪನೆಯ ಮಣ್ಣು. ಮೇಲ್ಪದರಕ್ಕೆ ಚೌಳು ಮಣ್ಣನ್ನು ಹುಡುಕಿ ತರುತ್ತಾರೆ. ನೀರು ಬಿದ್ದಾಗ ಅದು ಉಬ್ಬಿ ಸಂದುಗಳನ್ನು ಮುಚ್ಚಿಕೊಳ್ಳುತ್ತದೆ, ಉಪ್ಪಿರುವುದರಿಂದ ಅದರಲ್ಲಿ ಹುಲ್ಲು ಸುಲಭಕ್ಕೆ ಹುಟ್ಟುವುದೂ ಇಲ್ಲ. ಆದರೆ ಬೇಸಿಗೆಯಲ್ಲಿ, ರೋಹಿಣಿ ಮಳೆ ಬರುವ ಮುಂಚೆ, ಯಾರಾದರೂ ಮೇಲೆ ಹತ್ತಿ ಹೊಸ ಮಣ್ಣು ಹಾಕಿ ತುಳಿದು ಗಟ್ಟಿ ಮಾಡಲೇಬೇಕು. ಮಾಳಿಗೆ ಒಮ್ಮೆ ಕಟ್ಟಿದರೆ ತೀರುವ ವಸ್ತುವಲ್ಲ.

ಈ ತಿಳಿವಳಿಕೆಯೊಂದಿಗೆ ಪದದ ನಡುವಿನ ಭಾಗವನ್ನು ನೋಡಿದರೆ ಬೆರಗಾಗುತ್ತದೆ. ಮುರಿದ ತೊಲೆ, ಹುಳು ಹಿಡಿದ ಜಂತಿ, ಸಡಿಲವಾದ ಕೀಲು ಮೊದಲು ಬರುತ್ತವೆ. ಆಮೇಲೆ ಕರಕಿ ಹುಲ್ಲು, ಇರುವೆ, ಕೊನೆಗೆ ಮಣ್ಣು ಕರಗುವುದು. ಮಾಳಿಗೆ ನಿಜವಾಗಿ ಕೆಡುವುದು ಹೀಗೆಯೇ. ತೊಲೆ ಬಾಗಿದ ಕಡೆ ಮಣ್ಣು ತಗ್ಗಾಗುತ್ತದೆ, ತಗ್ಗಿನಲ್ಲಿ ದೂಳು, ಕಸ ನಿಂತು ಹುಲ್ಲು ಹುಟ್ಟುತ್ತದೆ, ಅದರ ಬೇರು ಮತ್ತು ಇರುವೆಯ ಗೂಡು ನೀರಿಗೆ ದಾರಿ ಮಾಡುತ್ತವೆ. ಚೌಳು ಮಣ್ಣಿನ ಮೇಲೆ ಕರಕಿ ಬೆಳೆದಿದೆ ಎಂದರೆ ವರ್ಷಗಟ್ಟಲೆ ಯಾರೂ ಮೇಲೆ ಹತ್ತಿಲ್ಲ ಎಂದೇ ಅರ್ಥ. ಅಜ್ಞಾನದಿಂದ ಸೋರುತ್ತಿದೆ ಎಂಬ ಮಾತು ಮೊದಲು ಕೇಳಿದಾಗ ಮೇಲಿಂದ ಅಂಟಿಸಿದ ಚೀಟಿಯಂತೆ ತೋರಿದರೂ, ಇಲ್ಲಿ ಸಮರ್ಥನೆ ಪಡೆಯುತ್ತದೆ. ಇಲ್ಲಿಯ ಅಜ್ಞಾನವು ಶಾಸ್ತ್ರದ ತಿಳಿವಳಿಕೆ ಇಲ್ಲದಿರುವುದಲ್ಲ, ತನ್ನ ಮನೆಯ ಮೇಲ್ಭಾಗವನ್ನು ನೋಡದೆ ಉಳಿಯುವುದು. ಕತ್ತಲೆಯಲ್ಲಿ ಮೇಲೇರಲಾರೆ ಎಂಬ ಮಾತೂ ಇದಕ್ಕೆ ಕೂಡಿಬರುತ್ತದೆ. ಸೋರಿಕೆ ತಿಳಿಯುವುದು ರಾತ್ರಿಯ ಮಳೆಯಲ್ಲಿ, ರಿಪೇರಿ ಸಾಧ್ಯವಿದ್ದದ್ದು ಬೇಸಿಗೆಯ ಬೆಳಕಿನಲ್ಲಿ.

ಇಲ್ಲಿಯವರೆಗೆ ರೂಪಕ ಎಲ್ಲೂ ತಪ್ಪಿಲ್ಲ. ತೊಡಕು ಶುರುವಾಗುವುದು ನೀರಿನ ರಭಸಕ್ಕೆ ಮಣ್ಣು ಕರಗಿ ಮನೆಯ ಒಳಗು ಹೊರಗು ಒಂದಾಯಿತು ಎಂಬಲ್ಲಿ. ಮನೆಯ ಲೆಕ್ಕದಲ್ಲಿ ಇದು ಸರ್ವನಾಶ. ಆದರೆ ಗೋವಿಂದ ಭಟ್ಟರ ಶಿಷ್ಯರಾದ ಶರೀಫರ ತತ್ವದಲ್ಲಿ ಒಳಗು ಹೊರಗೆಂಬ ಭೇದ ಅಳಿಯುವುದೇ ಸಾಧನೆಯ ಗುರಿಯಲ್ಲವೇ? ಹೋಲಿಕೆಯ ಒಂದು ಕಡೆ ನಾಶಕ್ಕೆ ಇಳಿಯುತ್ತಿದ್ದರೆ ಇನ್ನೊಂದು ಕಡೆ ಮುಕ್ತಿಗೆ ಏರುತ್ತಿದೆ. ಅಂಗಕ್ಕೆ ಅಂಗ ಹೊಂದಿಸಿ ಅರ್ಥ ಹೇಳುವ ಪದ್ಧತಿ ಇಲ್ಲಿ ಕೈಕೊಡುತ್ತದೆ. ಮಾಳಿಗೆ ಎಂದರೆ ಸಹಸ್ರಾರ, ಮೇಲೇರುವುದು ಎಂದರೆ ಯೋಗ ಎನ್ನುವ ವ್ಯಾಖ್ಯಾನವೂ ಈ ಜಾಗವನ್ನು ದಾಟಲಾರದು; ಸಹಸ್ರಾರವೇ ಕರಗಿ ಸೋರುತ್ತಿದ್ದರೆ ಏರುವುದು ಎಲ್ಲಿಗೆ?

ಇಂಥ ಬಿರುಕು ದೀರ್ಘ ರೂಪಕಕ್ಕೆ ಹೊಸದಲ್ಲ. ಇಂಗ್ಲಿಷ್ ಕವಿ ಜಾನ್ ಡನ್ ಅಗಲುವ ಪ್ರೇಮಿಗಳನ್ನು ಕೈವಾರದ ಎರಡು ಕಾಲುಗಳಿಗೆ ಹೋಲಿಸಿದ. ಸುತ್ತುವ ಕಾಲು ವೃತ್ತವನ್ನು ಪೂರ್ಣಗೊಳಿಸಿದರೆ ಬಂದು ಸೇರುವುದು ಹೊರಟ ಬಿಂದುವನ್ನು, ನಡುವೆ ನಿಂತ ಸಂಗಾತಿಯನ್ನಲ್ಲ. ಕೈವಾರವನ್ನು ಮಡಚಿದಾಗ ಮಾತ್ರ ಕಾಲುಗಳು ಕೂಡುತ್ತವೆ. ಡನ್ ಎರಡೂ ಚಲನೆಗಳನ್ನು ಒಂದೇ ಉಸಿರಿನಲ್ಲಿ ಬಳಸಿದ್ದಾನೆ. ವಿಜಯಪುರ ಜಿಲ್ಲೆಯ ಬಾಗೇವಾಡಿಯ ಬಸವಣ್ಣನವರ ವಚನವೊಂದು ಉಳ್ಳವರ ಗುಡಿಗೆ ಎದುರಾಗಿ ಕಾಲನ್ನು ಕಂಬವಾಗಿ, ತಲೆಯನ್ನು ಕಳಶವಾಗಿ ಕಂಡು ಮೈಯನ್ನೇ ಗುಡಿ ಮಾಡುತ್ತದೆ. ಕೊನೆಗೆ ಸ್ಥಾವರ ಅಳಿಯುತ್ತದೆ, ಜಂಗಮ ಉಳಿಯುತ್ತದೆ ಎನ್ನುತ್ತದೆ. ಮೈ ಅಳಿಯುವಂಥದ್ದೇ ಆದ್ದರಿಂದ ಈ ಸಮೀಕರಣವೂ ಕಟ್ಟುನಿಟ್ಟಾಗಿ ನೋಡಿದರೆ ನಿಲ್ಲುವುದಿಲ್ಲ. ಬಸವಣ್ಣನವರು ಅದನ್ನು ಬೇಕೆಂದೇ ಬಿಟ್ಟುಕೊಡುತ್ತಾರೆ ಎಂಬುದು ನನ್ನ ಅಭಿಪ್ರಾಯ: ಮೈ ಗುಡಿಯಾದದ್ದು ಅದರ ಆಕಾರದಿಂದಲ್ಲ, ನಡೆದಾಡುವ ಗುಣದಿಂದ ಎಂದು ಕೊನೆಯ ಮಾತು ತಿದ್ದುತ್ತದೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ್ದರಿಂದಲೇ ಇಂಥ ರಚನೆಗಳನ್ನು ಹೀಗೆ ಸಾಲುಸಾಲಾಗಿ ಓದಿ ನೋಡುವುದು ನಮಗೆ ಸಾಧ್ಯವಾಗಿದೆ.

ಶರೀಫರ ಬಿರುಕು ಡನ್‌ನದಕ್ಕಿಂತ ಬಸವಣ್ಣನವರದಕ್ಕೆ ಹತ್ತಿರ. ಆಧಾರ ಕೊನೆಯ ನುಡಿಯಲ್ಲಿದೆ. ಅಲ್ಲಿ ಮನೆಯವನು ಹೆಂಡತಿಯನ್ನು ಕರೆದು ಹುಬ್ಬಿ ಮಳೆ ಬಂತೆಂದು ಹೇಳುತ್ತಾನೆ, ಶಿಶುನಾಳದ ಒಡೆಯ ಕಾಯುತ್ತಾನೆಂದು ನಂಬುತ್ತಾನೆ. ನಡುವೆ ಕರುಣೆಯ ಮಾತೊಂದು ಬರುತ್ತದೆ. ಅದು ಹೆಂಡತಿ ಕೇಳುವುದಕ್ಕೆ ಸೇರಿದ್ದೋ ಮಳೆ ಬಂದದ್ದಕ್ಕೆ ಸೇರಿದ್ದೋ ಎಂಬುದನ್ನು ವಾಕ್ಯರಚನೆ ತೀರ್ಮಾನಿಸುವುದಿಲ್ಲ. ಹೆಂಡತಿಗೆ ಸೇರಿಸಿದರೆ ಮಳೆ ಬರಿಯ ಆಪತ್ತು, ದೇವರು ಆಪತ್ತಿನಿಂದ ಕಾಯುವವನು. ರೂಪಕ ನೇರವಾಗಿ ಮುಗಿಯುತ್ತದೆ, ಆದರೆ ಒಳಗು ಹೊರಗು ಒಂದಾದ ನುಡಿ ಅನಾಥವಾಗುತ್ತದೆ. ಮಳೆಗೆ ಸೇರಿಸಿದರೆ ಮನೆಯನ್ನು ಕೆಡವುವ ನೀರೇ ಕರುಣೆ. ಆಗ ಆ ನುಡಿಗೂ ನೆಲೆ ಸಿಗುತ್ತದೆ.

ನಾನು ಎರಡನೆಯ ಅನ್ವಯವನ್ನು ಒಪ್ಪುತ್ತೇನೆ. ಅದಕ್ಕೆ ತತ್ವಶಾಸ್ತ್ರಕ್ಕಿಂತ ಹೊಲವೇ ಹೆಚ್ಚು ಬೆಂಬಲ ಕೊಡುತ್ತದೆ. ಹುಬ್ಬಿ ಬೀಳುವುದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಶಿಗ್ಗಾವಿಯ ಕಡೆ ಮುಂಗಾರೇ ಜೋರಾಗಿರುವುದರಿಂದ ಶರೀಫರ ಊರಿಗೆ ಈ ಮಾತನ್ನು ಇಷ್ಟೇ ಬಲವಾಗಿ ಹೇಳಲಾಗದು. ಆದರೆ ವಿಜಯಪುರದ ಎರೆಭೂಮಿಗೆ ಸೆಪ್ಟೆಂಬರ್ ವರ್ಷದ ದೊಡ್ಡ ಮಳೆಯ ತಿಂಗಳು. ಆ ಹಸಿಯನ್ನೇ ನಂಬಿ ಹಿಂಗಾರಿ ಬಿಳಿಜೋಳ ಬಿತ್ತುತ್ತಾರೆ, ಮುಂದೆ ಮಳೆ ಇರಲಿ ಬಿಡಲಿ ಬೆಳೆ ಆ ನೆಲದೊಳಗಿನ ನೀರಿನಲ್ಲೇ ಬರುತ್ತದೆ. ದುರಸ್ತಿ ಮಾಡದ ಮಾಳಿಗೆಯ ಕೆಳಗೆ ಕೂತವನಿಗೆ ಹುಬ್ಬಿ ಕಂಟಕ, ಅದೇ ಮನುಷ್ಯನ ಹೊಲಕ್ಕೆ ಅದು ವರ್ಷದ ಅನ್ನ. ಒಕ್ಕಲಿಗನಿಗೆ ಈ ಎರಡೂ ಒಂದೇ ರಾತ್ರಿಯ ಸತ್ಯ. ಹೀಗೆ ನೋಡಿದರೆ ರೂಪಕ ಮುರಿದಿಲ್ಲ. ಮನೆಯಷ್ಟಕ್ಕೇ ಅಳತೆ ಹಾಕಿದ್ದರಿಂದ ಅದು ಮುರಿದಂತೆ ಕಂಡಿತು. ಮೂರನೆಯ ನುಡಿಯಿಂದಲೇ ಶರೀಫರು ಮನೆಯ ಜೊತೆಗೆ ಅದರ ಸುತ್ತಲ ನೆಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಮಾಳಿಗೆ ರಿಪೇರಿಯಾಯಿತೆಂದು ಪದ ಕೊನೆಯವರೆಗೂ ಹೇಳದಿರುವುದಕ್ಕೆ ಕಾರಣವೂ ಇದೇ ಇರಬೇಕು.