ಭಾಷೆ ಪಕ್ಷವಾಗುವ ಬಗೆ: ಮಂಜೇಶ್ವರ ಮತ್ತು ಫಿನ್ಲೆಂಡ್

1957ರಲ್ಲಿ ಕೇರಳ ವಿಧಾನಸಭೆಗೆ ನಡೆದ ಮೊದಲ ಚುನಾವಣೆಯಲ್ಲಿ ಮಂಜೇಶ್ವರ ಕ್ಷೇತ್ರದಿಂದ ಎಂ. ಉಮೇಶ ರಾವ್ ಅವರು ಪಕ್ಷೇತರರಾಗಿ, ಅವಿರೋಧವಾಗಿ ಆಯ್ಕೆಯಾದರು. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳದ ಪಾಲಾಗಿ ಆಗ ಕೆಲವೇ ತಿಂಗಳು ಕಳೆದಿದ್ದವು. ಆಮೇಲೆ 1960ರಲ್ಲಿ ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿ ಅವರು ಗೆದ್ದರು. 1965 ಮತ್ತು 1967ರಲ್ಲಿಯೂ ಅವರೇ ಪಕ್ಷೇತರರಾಗಿ ಗೆದ್ದರು. 1970ರಲ್ಲಿ ಕ್ಷೇತ್ರವು ಭಾರತ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪ ಅವರ ಕೈಸೇರಿತು. ಅಲ್ಲಿಂದೀಚೆಗೆ ಭಾಷೆಯ ಹೆಸರಿನ ಯಾವ ಸಂಘಟನೆಯೂ ಮಂಜೇಶ್ವರವನ್ನು ಗೆದ್ದಿಲ್ಲ. ಕನ್ನಡಿಗರು ಅಲ್ಲಿಂದ ಹೋಗಲಿಲ್ಲ, ಅವರ ಅಹವಾಲುಗಳೂ ತೀರಲಿಲ್ಲ. ಹಾಗಿದ್ದೂ ನಾಲ್ಕು ಚುನಾವಣೆಗಳನ್ನು ನಿರ್ಣಯಿಸಿದ ಭಾಷೆಯು ಒಂದು ಪಕ್ಷವಾಗಿ ಏಕೆ ನೆಲೆಯೂರಲಿಲ್ಲ?

ಇಂಥ ಪ್ರಶ್ನೆಗೆ ಒಂದು ಚೌಕಟ್ಟನ್ನು ಒದಗಿಸಿದವರು ಸೀಮೋರ್ ಮಾರ್ಟಿನ್ ಲಿಪ್ಸೆಟ್ ಮತ್ತು ನಾರ್ವೆಯ ಸ್ಟೈನ್ ರೊಕ್ಕಾನ್. 1967ರಲ್ಲಿ ಪ್ರಕಟವಾದ ಅವರ ಪ್ರಬಂಧವು ಪಶ್ಚಿಮ ಯುರೋಪಿನ ಪಕ್ಷಗಳ ಹಿಂದೆ ನಾಲ್ಕು ಸಾಮಾಜಿಕ ಸೀಳುಗಳನ್ನು ಗುರುತಿಸಿತು. ಕೇಂದ್ರ ಮತ್ತು ಅಂಚಿನ ಪ್ರದೇಶಗಳ ನಡುವಿನ ಸೀಳು, ಪ್ರಭುತ್ವ ಮತ್ತು ಚರ್ಚಿನ ನಡುವಿನ ಸೀಳು ರಾಷ್ಟ್ರನಿರ್ಮಾಣದಿಂದ ಹುಟ್ಟಿದವು. ಕೃಷಿ ಮತ್ತು ಕೈಗಾರಿಕೆಯ ನಡುವಿನದು, ಒಡೆಯ ಮತ್ತು ಕಾರ್ಮಿಕರ ನಡುವಿನದು ಕೈಗಾರಿಕಾ ಕ್ರಾಂತಿಯಿಂದ ಹುಟ್ಟಿದವು. ಸಾರ್ವತ್ರಿಕ ಮತದಾನ ಬಂದ ಕಾಲದಲ್ಲಿ ಈ ಸೀಳುಗಳ ಮೇಲೆ ಕಟ್ಟಿಕೊಂಡ ಪಕ್ಷವ್ಯವಸ್ಥೆಯು ಹೆಪ್ಪುಗಟ್ಟಿತು. 1960ರ ದಶಕದ ಪಕ್ಷಗಳು ಬಹುಮಟ್ಟಿಗೆ 1920ರ ದಶಕದ ಸೀಳುಗಳನ್ನೇ ಬಿಂಬಿಸುತ್ತಿದ್ದವು ಎಂಬುದು ಅವರ ಪ್ರಸಿದ್ಧ ತೀರ್ಮಾನ.

ಆ ತೀರ್ಮಾನದಷ್ಟು ಚರ್ಚೆಗೆ ಬಾರದ, ಆದರೆ ಇಲ್ಲಿ ಹೆಚ್ಚು ಉಪಯುಕ್ತವಾದ ಭಾಗವೊಂದು ಅದೇ ಪ್ರಬಂಧದಲ್ಲಿದೆ. ಸೀಳು ತಾನಾಗಿಯೇ ಪಕ್ಷವಾಗುವುದಿಲ್ಲ. ಅದು ನಾಲ್ಕು ಹೊಸ್ತಿಲುಗಳನ್ನು ದಾಟಬೇಕು. ವಿರೋಧಿಸುವ ಹಕ್ಕಿಗೆ ಮಾನ್ಯತೆ ಸಿಗುವುದು ಮೊದಲನೆಯದು, ಬೆಂಬಲಿಗರಿಗೆ ಮತಾಧಿಕಾರ ಸಿಗುವುದು ಎರಡನೆಯದು. ಬೇರೆ ಪಕ್ಷದ ಆಸರೆಯಿಲ್ಲದೆ ಸ್ವತಂತ್ರವಾಗಿ ಸ್ಥಾನ ಗೆಲ್ಲುವುದು ಮೂರನೆಯದು. ಗೆದ್ದ ಸ್ಥಾನಗಳಿಂದ ಅಧಿಕಾರದ ಮೇಲೆ ಪ್ರಭಾವ ಬೀರುವುದು ನಾಲ್ಕನೆಯದು.

ಭಾಷೆಯ ಸೀಳು ಈ ನಾಲ್ಕನ್ನೂ ದಾಟಿದ್ದಕ್ಕೆ ಫಿನ್ಲೆಂಡಿನ ಸ್ವೀಡಿಷ್ ಭಾಷಿಕರು ನಿದರ್ಶನ. 1906ರವರೆಗೆ ಅಲ್ಲಿದ್ದುದು ನಾಲ್ಕು ವರ್ಗಗಳ ಸಭೆ. ಕುಲೀನರ ಮತ್ತು ನಗರವಾಸಿ ವರ್ತಕರ ವರ್ಗಗಳಲ್ಲಿ ಸ್ವೀಡಿಷ್ ಭಾಷಿಕ ಗಣ್ಯರ ಪ್ರಾಬಲ್ಯವಿತ್ತು. ಆ ವರ್ಷದ ಸುಧಾರಣೆಯು 200 ಸದಸ್ಯರ ಏಕಸದನವನ್ನೂ ಸ್ತ್ರೀಪುರುಷರಿಬ್ಬರಿಗೂ ಮತಾಧಿಕಾರವನ್ನೂ ಪ್ರಮಾಣಾನುಗುಣ ಪ್ರಾತಿನಿಧ್ಯವನ್ನೂ ತಂದಿತು. ಜನಸಂಖ್ಯೆಯ ಸುಮಾರು 13 ಶೇಕಡಾ ಇದ್ದ ಸಮುದಾಯದೊಳಗಿನ ಗಣ್ಯರಿಗೆ ಇನ್ನು ತಮ್ಮ ಅಂತಸ್ತೊಂದೇ ಸಾಲದಾಯಿತು. ಕರಾವಳಿಯ ಮೀನುಗಾರರ, ಪಶ್ಚಿಮದ ರೈತರ ಮತ ಅವರಿಗೆ ಬೇಕಾಯಿತು. ಅದೇ ವರ್ಷ ಹುಟ್ಟಿದ ಸ್ವೀಡಿಷ್ ಜನತಾ ಪಕ್ಷವು ವರ್ಗಭೇದವನ್ನು ಮೀರಿ ಭಾಷಿಕರನ್ನು ಕೂಡಿಸಿ, 1907ರಲ್ಲಿ 24 ಸ್ಥಾನಗಳನ್ನು ಗಳಿಸಿತು. ಸ್ವೀಡಿಷ್ ಭಾಷಿಕ ಕಾರ್ಮಿಕರಲ್ಲಿ ಅನೇಕರು ಸಮಾಜವಾದಿಗಳ ಕಡೆಗೆ ಹೋದುದೂ ಉಂಟು. ಆದರೂ ಪಕ್ಷ ಉಳಿಯಿತು. ಇಂದು ಸ್ವೀಡಿಷ್ ಭಾಷಿಕರು ಸುಮಾರು 5 ಶೇಕಡಾಕ್ಕೆ ಇಳಿದಿದ್ದಾರೆ. ಪಕ್ಷದ ಒಂಬತ್ತು ಹತ್ತು ಸ್ಥಾನಗಳು ಮಾತ್ರ ಅನೇಕ ಮೈತ್ರಿ ಸರ್ಕಾರಗಳಿಗೆ ಬೇಕಾಗುತ್ತ ಬಂದಿವೆ.

ಮಂಜೇಶ್ವರದಲ್ಲಿ ಮೊದಲ ಎರಡು ಹೊಸ್ತಿಲುಗಳು ತೊಡಕಾಗಲಿಲ್ಲ. ಗಣರಾಜ್ಯದ ಸಂವಿಧಾನವೇ ಅವುಗಳನ್ನು ದಾಟಿಸಿತ್ತು. ಮೂರನೆಯದನ್ನೂ ಕನ್ನಡಿಗರು ದಾಟಿದರು. ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿಯಲ್ಲಿ ಒಂದೆಡೆ ಒತ್ತಾಗಿ ನೆಲೆಸಿದ ಸಮುದಾಯಕ್ಕೆ ಅನುಕೂಲವಿದೆ. ಆದರೆ ಆ ಅನುಕೂಲ ಕ್ಷೇತ್ರದ ಗಡಿಯಲ್ಲಿಯೇ ಮುಗಿಯುತ್ತದೆ. ಪ್ರಮಾಣಾನುಗುಣ ಪದ್ಧತಿಯಲ್ಲಾದರೆ ನೆರೆಯ ಪ್ರದೇಶಗಳ ಚದುರಿದ ಮತಗಳೂ ಒಟ್ಟುಗೂಡಬಹುದಿತ್ತು. ಇಲ್ಲಿ ಅವು ಲೆಕ್ಕಕ್ಕೆ ಬರಲಿಲ್ಲ. 1967ರಲ್ಲಿ 133 ಸ್ಥಾನಗಳಿದ್ದ ವಿಧಾನಸಭೆಯಲ್ಲಿ ಮಂಜೇಶ್ವರದ್ದು ಒಂದು ಸ್ಥಾನ. ಅದೇ ಚುನಾವಣೆಯಲ್ಲಿ 14 ಸ್ಥಾನ ಗೆದ್ದ ಮುಸ್ಲಿಂ ಲೀಗ್, ಇ. ಎಂ. ಎಸ್. ನಂಬೂದಿರಿಪಾಡ್ ಅವರ ಏಳು ಪಕ್ಷಗಳ ಸರ್ಕಾರದಲ್ಲಿ ಎರಡು ಮಂತ್ರಿಪದವಿಗಳನ್ನು ಪಡೆಯಿತು. ಕೇರಳದ ಮೈತ್ರಿ ರಾಜಕಾರಣವು ಸಮುದಾಯದ ಪಕ್ಷಗಳಿಗೆ ಬಾಗಿಲು ಮುಚ್ಚಿರಲಿಲ್ಲ. ಚೌಕಾಸಿಗೆ ಕೂರಲು ಬೇಕಾದಷ್ಟು ಸ್ಥಾನ ಇದ್ದವರಿಗೆ ಅದು ತೆರೆದೇ ಇತ್ತು. ಅಷ್ಟು ಸ್ಥಾನಗಳಿಲ್ಲದ ಸಮಿತಿಯು ನಾಲ್ಕನೆಯ ಹೊಸ್ತಿಲಿನ ಹೊರಗೇ ನಿಂತಿತು.

ಎರಡನೆಯ ಕಾರಣ ಬೇಡಿಕೆಯ ಸ್ವರೂಪದಲ್ಲಿದೆ. ಸಮಿತಿಯ ಮುಖ್ಯ ಗುರಿ ಕಾಸರಗೋಡು ಮೈಸೂರು ರಾಜ್ಯಕ್ಕೆ ಸೇರಬೇಕೆಂಬುದು. ಚಂದ್ರಗಿರಿ ನದಿಯ ಉತ್ತರ ಭಾಗವನ್ನು ಮೈಸೂರಿಗೆ ಕೊಡಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿದಾಗ ಆ ಗುರಿ ಕೈಗೆಟಕುವಂತೆ ಕಂಡಿತು. ಶಿಫಾರಸು ಜಾರಿಗೆ ಬರಲಿಲ್ಲ. ರಾಜ್ಯವನ್ನು ಬಿಟ್ಟುಹೋಗಲು ಹೊರಟ ಸಂಘಟನೆಗೆ ಆ ರಾಜ್ಯದೊಳಗೆ ದೀರ್ಘಕಾಲ ಬಾಳುವ ಕಾರ್ಯಕ್ರಮವನ್ನು ಹೆಣೆಯುವ ತುರ್ತು ಇರುವುದಿಲ್ಲ. ಸ್ವೀಡಿಷ್ ಪಕ್ಷದ ಹಾದಿ ಬೇರೆ. ಫಿನ್ನಿಷ್ ಮತ್ತು ಸ್ವೀಡಿಷ್ ಎರಡೂ ರಾಷ್ಟ್ರಭಾಷೆಗಳೆಂದು 1919ರ ಸಂವಿಧಾನ ಸಾರಿದ ಮೇಲೆ ಶಾಲೆ, ನ್ಯಾಯಾಲಯ, ಕಚೇರಿಗಳಲ್ಲಿ ಆ ಮಾತನ್ನು ಉಳಿಸಿಕೊಳ್ಳುವ ದಿನನಿತ್ಯದ ಕೆಲಸ ಪಕ್ಷಕ್ಕೆ ದೊರೆಯಿತು.

ಮೂರನೆಯ ಕಾರಣ ಸೀಳುಗಳು ಒಂದನ್ನೊಂದು ಅಡ್ಡಹಾಯುವುದು. ಸ್ಟೆಫಾನೋ ಬಾರ್ಟೊಲಿನಿ ಮತ್ತು ಪೀಟರ್ ಮೈರ್ 1990ರಲ್ಲಿ ವಾದಿಸಿದಂತೆ, ಪೂರ್ಣ ಅರ್ಥದ ಸೀಳಿಗೆ ಸಾಮಾಜಿಕ ನೆಲೆ, ಸಾಮೂಹಿಕ ಪ್ರಜ್ಞೆ, ಸಂಘಟನೆ ಈ ಮೂರೂ ಬೇಕು. ಮಂಜೇಶ್ವರದಲ್ಲಿ ನೆಲೆಯೇ ಪದರುಪದರಾಗಿತ್ತು. ಮನೆಯ ಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಮಲಯಾಳವಾಗಿದ್ದ ಅನೇಕರಿಗೆ ಕನ್ನಡವು ಶಾಲೆಯ, ಪತ್ರವ್ಯವಹಾರದ, ಯಕ್ಷಗಾನದ ಭಾಷೆ. ಈ ಬಂಧ ಗಟ್ಟಿಯಾದುದೇ. ಆದರೆ ಭೂಮಿಯ ಪ್ರಶ್ನೆ ಎದ್ದಾಗ ಅದು ಜನರನ್ನು ಒಂದೇ ಕಡೆ ನಿಲ್ಲಿಸುವಂಥದಲ್ಲ. ಧಣಿಯೂ ಒಕ್ಕಲೂ ಒಂದೇ ಕನ್ನಡ ಶಾಲೆಯಲ್ಲಿ ಓದಿದವರಾಗಿರಬಹುದಿತ್ತು. 1969ರ ತಿದ್ದುಪಡಿಯೊಡನೆ ಕೇರಳದ ಭೂಸುಧಾರಣೆ 1970ರ ಜನವರಿ 1ರಂದು ಜಾರಿಗೆ ಬಂದು ಗೇಣಿಪದ್ಧತಿಯನ್ನು ರದ್ದುಗೊಳಿಸಿತು. ಅದೇ ವರ್ಷ ಕಮ್ಯುನಿಸ್ಟ್ ಅಭ್ಯರ್ಥಿ ಗೆದ್ದರು. ಒಂದರಿಂದಲೇ ಇನ್ನೊಂದು ಆಯಿತೆನ್ನುವುದು ಅವಸರದ ಮಾತಾದೀತು. ಆದರೆ ಒಕ್ಕಲಿಗೆ ಭೂಮಿಯ ಹಕ್ಕು ತಿರುವನಂತಪುರದಿಂದ ಬರುತ್ತಿದ್ದಾಗ, ತಿರುವನಂತಪುರವನ್ನು ತೊರೆಯುವ ರಾಜಕೀಯದ ಸೆಳೆತ ಮೊದಲಿನಷ್ಟೇ ಉಳಿಯುವುದು ಕಷ್ಟವಿತ್ತು.

1987ರಲ್ಲಿ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಅವರು ಗೆದ್ದ ಮೇಲೆ ಕ್ಷೇತ್ರದ ಸ್ಪರ್ಧೆ ಇನ್ನೊಂದು ಸೀಳಿನತ್ತ ಸರಿಯಿತು. 2016ರಲ್ಲಿ ಲೀಗ್ ಭಾರತೀಯ ಜನತಾ ಪಕ್ಷವನ್ನು ಸೋಲಿಸಿದ್ದು 89 ಮತಗಳಿಂದ, 2021ರಲ್ಲಿ 745 ಮತಗಳಿಂದ. ಈ ಎರಡು ಪಕ್ಷಗಳಿಗೂ ಕ್ಷೇತ್ರದಾಚೆ ಬೇರುಗಳಿದ್ದವು. ಕರ್ನಾಟಕ ಸಮಿತಿಗೆ ಇಲ್ಲದೆ ಹೋದದ್ದು ಅದೇ.

ಹಾಗೆಂದು ಭಾಷೆ ರಾಜಕೀಯದಿಂದ ಅಳಿದುಹೋಯಿತೆನ್ನಲಾಗದು. 2021ರಲ್ಲಿ ಲೀಗಿನ ಶಾಸಕ ಎ. ಕೆ. ಎಂ. ಅಶ್ರಫ್ ಅವರು ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಒಂದು ಕಾಲಕ್ಕೆ ಪಕ್ಷಗಳನ್ನು ಬೇರ್ಪಡಿಸುತ್ತಿದ್ದ ಗೆರೆಯು ಈಗ ಪಕ್ಷಗಳ ಒಳಗೆ, ಅಭ್ಯರ್ಥಿಗೆ ಇರಬೇಕಾದ ಅರ್ಹತೆಯಾಗಿ ಉಳಿದಿದೆ. ರೊಕ್ಕಾನನ ಹೊಸ್ತಿಲುಗಳು ಪಕ್ಷವಾದುದನ್ನೂ ಆಗದುದನ್ನೂ ವಿವರಿಸಬಲ್ಲವು. ಪಕ್ಷಗಳ ಒಳಗೆ ಹೀಗೆ ನೆಲಸುವ ಭಾಷೆಗೆ ಆ ಚೌಕಟ್ಟಿನಲ್ಲಿ ಹೆಸರಿಲ್ಲ. ಗಡಿಯಾಚೆಯ ಕನ್ನಡ ಸಮುದಾಯಗಳ ಇತಿಹಾಸವನ್ನು ಪಕ್ಷಗಳ ಗೆಲುವು ಸೋಲಿನಲ್ಲಿ ಮಾತ್ರ ಹುಡುಕಿದರೆ 1970ಕ್ಕೇ ಅದು ಮುಗಿದಂತೆ ತೋರುತ್ತದೆ. ಅಭ್ಯರ್ಥಿಗಳ ಆಯ್ಕೆಯಲ್ಲಿ, ಪ್ರಚಾರದ ಮಾತಿನಲ್ಲಿ, ಪಂಚಾಯತಿನ ಕಡತಗಳಲ್ಲಿ ಹುಡುಕಿದರೆ ಅದು ಇನ್ನೂ ನಡೆಯುತ್ತಿದೆ.