ಒಂದು ಆದೇಶ, ಅರವತ್ತನಾಲ್ಕು ಅಂಕಿಗಳು: ಫ್ಲಿನ್ ವರ್ಗೀಕರಣ ಮತ್ತು ವೆಕ್ಟರ್ ಯಂತ್ರಗಳು

1966ರಲ್ಲಿ ಮೈಕೆಲ್ ಜೆ. ಫ್ಲಿನ್ ಕಂಪ್ಯೂಟರುಗಳನ್ನು ವಿಂಗಡಿಸಲು ಎರಡೇ ಪ್ರಶ್ನೆ ಕೇಳಿದರು: ಆದೇಶಗಳ ಹರಿವು ಒಂದೋ ಹಲವೋ? ದತ್ತಾಂಶದ ಹರಿವು ಒಂದೋ ಹಲವೋ? ಉತ್ತರಗಳಿಂದ ನಾಲ್ಕು ವರ್ಗಗಳು ಹುಟ್ಟುತ್ತವೆ. ಒಂದು ಆದೇಶ, ಹಲವು ದತ್ತಾಂಶ ಎಂಬ ‘ಸಿಮ್ಡ್’ ವರ್ಗವೇ ಈ ಲೇಖನದ ವಿಷಯ. ಈ ವರ್ಗದ ಯಂತ್ರಕ್ಕೆ ಕೆಲವು ಲೂಪ್‌ಗಳು ಒಗ್ಗುತ್ತವೆ, ಕೆಲವು ಒಗ್ಗುವುದಿಲ್ಲ. ಅದೇಕೆ?

ಎರಡು ದಾರಿ

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಸ್ಲಾಟ್ನಿಕ್ ನೇತೃತ್ವದಲ್ಲಿ ರೂಪುಗೊಂಡ ಇಲಿಯಾಕ್-4ರಲ್ಲಿ ಒಂದೇ ನಿಯಂತ್ರಣ ಘಟಕವು 64 ಗಣನ ಘಟಕಗಳಿಗೆ ಏಕಕಾಲಕ್ಕೆ ಆದೇಶ ಕೊಡುತ್ತಿತ್ತು. ಯೋಜನೆಯಲ್ಲಿದ್ದದ್ದು 256, ಕಟ್ಟಲಾದದ್ದು ಕಾಲುಭಾಗ. 1976ರ ಕ್ರೇ-1 ಬೇರೆ ದಾರಿ ಹಿಡಿಯಿತು. ಅದರ ಎಂಟು ವೆಕ್ಟರ್ ರಿಜಿಸ್ಟರ್‌ಗಳಲ್ಲಿ ತಲಾ 64 ಅಂಕಿಗಳು ಹಿಡಿಯುತ್ತಿದ್ದವು; ಅವು ಒಂದರ ಹಿಂದೊಂದು ಪೈಪ್‌ಲೈನ್‌ಗೆ ಇಳಿಯುತ್ತಿದ್ದವು. ಅಲ್ಲಿ ಸಾಲಾಗಿ ನಿಂತ ಯಂತ್ರಾಂಗಗಳು, ಇಲ್ಲಿ ಸಾಲಾಗಿ ಬರುವ ಅಂಕಿಗಳು. ಒಂದು ಆದೇಶ ಹಲವು ಅಂಕಿಗಳಿಗೆ ಸಾಲುವುದು ಮಾತ್ರ ಎರಡರಲ್ಲೂ ಸಮಾನ. 1972ರ ಪ್ರಬಂಧದಲ್ಲಿ ಫ್ಲಿನ್ ಎರಡು ದಾರಿಗಳನ್ನೂ ಸಿಮ್ಡ್‌ನ ಒಳಗೇ ಇರಿಸಿದ್ದರು.

ಲೂಪ್‌ನ ಲೆಕ್ಕ

```
for (i = 0; i < 1000; i++)
    y[i] = a * x[i] + y[i];
```

ಸಾಮಾನ್ಯ ಯಂತ್ರ ಪ್ರತಿ ಸುತ್ತಿನಲ್ಲೂ ಎರಡು ಅಂಕಿಗಳನ್ನು ತರಬೇಕು, ಗುಣಿಸಬೇಕು, ಕೂಡಬೇಕು, ಫಲವನ್ನು ಮರಳಿಸಬೇಕು. ಈ ಐದೇ ಆದೇಶಗಳು 1000 ಸುತ್ತಿಗೆ 5000 ಆಗುತ್ತವೆ. 64 ಅಂಕಿಗಳ ವೆಕ್ಟರ್ ಯಂತ್ರ ಇದನ್ನು 15 ಪೂರ್ಣ ಕಂತು ಮತ್ತು 40 ಅಂಕಿಗಳ ಒಂದು ಕಿರುಕಂತಾಗಿ ಸೀಳುತ್ತದೆ. 16 ಕಂತಿಗೆ 80 ಆದೇಶ ಸಾಕು. ಸುತ್ತು ಎಣಿಸುವ, ಹಿಂದಿರುಗಿ ಜಿಗಿಯುವ ಕೆಲಸವೂ ಸಾವಿರದಿಂದ 16 ಸಲಕ್ಕೆ ಇಳಿಯುತ್ತದೆ. ಸುತ್ತುಗಳು ಪರಸ್ಪರ ಸ್ವತಂತ್ರ ಎಂಬುದನ್ನು ಆದೇಶವೇ ಸಾರಿರುವುದರಿಂದ ಯಂತ್ರ ಅದನ್ನು ಮತ್ತೆ ಪರೀಕ್ಷಿಸಬೇಕಿಲ್ಲ.

ಮಿತಿಗಳು

ಲೂಪ್‌ನ ಒಡಲು `y[i] = y[i-1] + x[i]` ಆದರೆ ಸುತ್ತುಗಳು ಸ್ವತಂತ್ರ ಎಂಬ ಮಾತು ಸುಳ್ಳಾಗುತ್ತದೆ: ಪ್ರತಿ ಸುತ್ತೂ ಹಿಂದಿನದರ ಫಲಕ್ಕೆ ಕಾಯಬೇಕು. ಇದನ್ನು ಹಾಗೆಯೇ ವೆಕ್ಟರ್‌ಗೆ ಇಳಿಸಿದರೆ ಹಳೆಯ ಬೆಲೆಗಳನ್ನೇ ಓದಿ ತಪ್ಪು ಉತ್ತರ ಬರುತ್ತದೆ. ಲೂಪ್‌ನೊಳಗೆ `if` ಇದ್ದರೆ ಇಲಿಯಾಕ್‌ನಲ್ಲಿ ಷರತ್ತಿಗೆ ಸೇರದ ಘಟಕಗಳನ್ನು ಆ ಹೊತ್ತಿಗೆ ನಿಷ್ಕ್ರಿಯಗೊಳಿಸುತ್ತಿದ್ದರು. ಉತ್ತರ ಸರಿಯಿದ್ದರೂ ಆ ಘಟಕಗಳ ಸಮಯ ವ್ಯರ್ಥ.

ಮೂರನೆಯದು ಸ್ಮೃತಿಯ ದಾರಿ. ಕ್ರೇ-1ರ ಗಡಿಯಾರ ಸೆಕೆಂಡಿಗೆ 8 ಕೋಟಿ ಮಿಡಿತದ್ದು. ಗುಣಾಕಾರ, ಸಂಕಲನ ಒಟ್ಟಿಗೆ ನಡೆದರೆ ಸೆಕೆಂಡಿಗೆ 16 ಕೋಟಿ ಲೆಕ್ಕ ಸಾಧ್ಯ. ಆದರೆ ಸ್ಮೃತಿಗೆ ಮಿಡಿತಕ್ಕೊಂದು ಅಂಕಿಯ ದಾರಿ ಒಂದೇ, ನಮ್ಮ ಲೂಪ್‌ಗೆ ಸುತ್ತಿಗೆ ಮೂರು ಸಾಗಾಟ ಬೇಕು. ಹಾಗಾಗಿ ವೇಗ ಸುಮಾರು 5.3 ಕೋಟಿಗೆ ನಿಲ್ಲುತ್ತದೆ. ಆದೇಶಗಳ ಹೊರೆ ಇಳಿದ ಮೇಲೂ ಅಂಕಿಗಳ ಹೊರೆ ಉಳಿಯುತ್ತದೆ. ಫ್ಲಿನ್‌ರ ಎರಡು ಹರಿವುಗಳಲ್ಲಿ ಸಿಮ್ಡ್ ಹಗುರ ಮಾಡುವುದು ಮೊದಲನೆಯದನ್ನು ಮಾತ್ರ.