‘ಖಚಿತಪಡಿಸಿಕೊಳ್ಳದೆ ಹತ್ತಿದ್ದರಿಂದ’: ವಿದ್ಯುತ್ ಅಪಘಾತ ವರದಿಯಲ್ಲಿ ಕೆಲಸಗಾರರ ಕ್ರಿಯೆಯನ್ನು ಬರೆಯುವ ಬಗೆ

ವಿದ್ಯುತ್ ಮಾರ್ಗದಲ್ಲಿ ಅಪಘಾತವಾದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 161ನೇ ಕಲಮಿನಂತೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು. ತಿಳಿಸುವ ರೀತಿ ಮತ್ತು ಸಮಯವನ್ನು 2005ರ ನಿಯಮಗಳು ಗೊತ್ತುಮಾಡಿವೆ. ಸಾವು ಸಂಭವಿಸಿದ್ದರೆ ವಿಷಯ ಗೊತ್ತಾದ 24 ಗಂಟೆಗಳೊಳಗೆ ಸೂಚನೆ ಹೋಗಬೇಕು. ಯಾವ ಅಪಘಾತವೇ ಆಗಲಿ, 48 ಗಂಟೆಗಳೊಳಗೆ ನಮೂನೆ ‘ಎ’ಯಲ್ಲಿ ಲಿಖಿತ ವರದಿ ತಲುಪಬೇಕು. ವರದಿ ಕಳಿಸುವವರು ಕಿರಿಯ ಇಂಜಿನಿಯರ್ ದರ್ಜೆಗಿಂತ ಕೆಳಗಿನವರಾಗಿರಬಾರದು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಂಥ ತಾಲ್ಲೂಕುಗಳಲ್ಲಿ ಆ ದರ್ಜೆಯವರೆಂದರೆ ಬಹುಮಟ್ಟಿಗೆ ಹೆಸ್ಕಾಂನ ಶಾಖಾಧಿಕಾರಿ. ಗಾಯಗೊಂಡವರನ್ನು ಕೆಲಸಕ್ಕೆ ಕಳಿಸಿದವರೂ ಅವರೇ ಆಗಿರುವ ಸಾಧ್ಯತೆ ಹೆಚ್ಚು. ವರದಿಯ ಭಾಷೆಯನ್ನು ಪರೀಕ್ಷಿಸುವಾಗ ಈ ಸಂಗತಿಯನ್ನು ಮರೆಯುವಂತಿಲ್ಲ.

ಈ ಲೇಖನದ ವಾದ ಚಿಕ್ಕದು. ದೂಷಣೆಯಿಲ್ಲದ ಬರವಣಿಗೆ ಎಂದರೆ ಮೆದುವಾದ ಬರವಣಿಗೆ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ. ಕನ್ನಡದ ಕಚೇರಿ ಭಾಷೆಯಲ್ಲಿ ದೂಷಣೆ ‘ನಿರ್ಲಕ್ಷ್ಯ’ ಎಂಬ ಪದದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ವಾಕ್ಯದ ಕಟ್ಟಡದಲ್ಲಿದೆ. ಆ ಪದವನ್ನು ಹೊಡೆದುಹಾಕಿದ ಮೇಲೂ ದೂಷಣೆ ಹಾಗೆಯೇ ಉಳಿಯುತ್ತದೆ. ಅದನ್ನು ತೆಗೆಯಬೇಕಾದರೆ ಇನ್ನಷ್ಟು ವಿವರ ಬರೆಯಬೇಕಾಗುತ್ತದೆ. ಕಡಿಮೆ ಬರೆದು ಸಾಧಿಸಲಾಗದು.

ಒಂದು ಪ್ರಸಂಗವನ್ನು ತೆಗೆದುಕೊಳ್ಳೋಣ. ಇದು ಯಾವುದೇ ಒಂದು ಘಟನೆಯಲ್ಲ, ವಿವರಣೆಗಾಗಿ ಕಟ್ಟಿದ್ದು. ಆದರೆ ಈ ನಾಲ್ಕು ತಾಲ್ಲೂಕುಗಳ ಯಾವ ಪವರ್‌ಮ್ಯಾನ್ ಕೇಳಿದರೂ ‘ಹೌದ್ರಿ, ಹಿಂಗ ಆಗ್ತೈತಿ’ ಎನ್ನಬಹುದಾದಂಥದ್ದು. ರಾಜ್ಯದಲ್ಲಿ ನಿರಂತರ ಜ್ಯೋತಿ ಯೋಜನೆಯಡಿ ಊರುಗಳ ಫೀಡರನ್ನು ಪಂಪ್‌ಸೆಟ್ ಫೀಡರಿನಿಂದ ಬೇರ್ಪಡಿಸಿದ ಮೇಲೆ ಹೊಲಗಳ ನಡುವೆ ಎರಡು 11 ಕೆವಿ ಮಾರ್ಗಗಳು ಅಕ್ಕಪಕ್ಕ ಹಾಯುವುದು, ಒಂದನ್ನೊಂದು ದಾಟುವುದು, ಕೆಲವೆಡೆ ಒಂದೇ ಕಂಬ ಹಂಚಿಕೊಳ್ಳುವುದು ಉಂಟು. ಒಂದು ಮಾರ್ಗ ಬಂದ್ ಆದಾಗ ಪಕ್ಕದ್ದು ಜೀವಂತವಾಗಿಯೇ ಇರುತ್ತದೆ. ಆಷಾಢದ ಗಾಳಿಗೆ ಪಂಪ್‌ಸೆಟ್ ಫೀಡರಿನ ಜಂಪರ್ ಕಡಿದಿದೆ. ಒಬ್ಬ ಪವರ್‌ಮ್ಯಾನ್, ಅವರೊಂದಿಗೆ ಇಎಸ್ಐ ವ್ಯಾಪ್ತಿಗೆ ಬಾರದ ಒಬ್ಬ ಗುತ್ತಿಗೆ ಕೆಲಸಗಾರ ಹೋಗುತ್ತಾರೆ. ಗುತ್ತಿಗೆ ಕೆಲಸಗಾರ ಕಂಬ ಹತ್ತುತ್ತಾರೆ, ಬಲಗೈ ಸುಡುತ್ತದೆ, ಕೊನೆಗೆ ಕೈ ಕಳೆದುಕೊಳ್ಳುತ್ತಾರೆ. ವರದಿಯಲ್ಲಿ ಹೀಗೆ ಬರುತ್ತದೆ:

“ಸದರಿ ಗುತ್ತಿಗೆ ನೌಕರನು ಲೈನ್ ಕ್ಲಿಯರ್ ಖಚಿತಪಡಿಸಿಕೊಳ್ಳದೆ, ಅರ್ಥಿಂಗ್ ಮಾಡದೆ, ಕೈಗವಸು ಧರಿಸದೆ ಕಂಬ ಹತ್ತಿದ್ದರಿಂದ ವಿದ್ಯುತ್ ಸ್ಪರ್ಶವಾಗಿ ಗಾಯಗೊಂಡಿರುತ್ತಾನೆ.”

ಇದರಲ್ಲಿ ‘ನಿರ್ಲಕ್ಷ್ಯ’ ಎಂಬ ಪದವೇ ಇಲ್ಲ. ಆದರೂ ಓದಿ ಮುಗಿಸುವಷ್ಟರಲ್ಲಿ ತಪ್ಪು ಯಾರದೆಂದು ತೀರ್ಮಾನವಾಗಿಬಿಟ್ಟಿರುತ್ತದೆ. ಮೂರು ಬಾರಿ ಬಂದಿರುವ ‘-ದೆ’ ಪ್ರತ್ಯಯ ಮಾಡದೇ ಉಳಿದ ಮೂರು ಕೆಲಸಗಳನ್ನು ಒಬ್ಬನೇ ಕರ್ತೃವಿಗೆ ಕಟ್ಟುತ್ತದೆ. ನಿಷೇಧ ರೂಪ ಸುಮ್ಮನೆ ಬರುವುದಿಲ್ಲ. ‘ಧರಿಸದೆ’ ಎಂದಾಗ ಧರಿಸಲು ವಸ್ತು ಕೈಯಲ್ಲಿತ್ತು, ಧರಿಸುವುದು ಆತನ ಕರ್ತವ್ಯವಾಗಿತ್ತು, ಅದು ಆತನಿಗೆ ಗೊತ್ತಿತ್ತು ಎಂಬ ಮೂರು ಮಾತುಗಳನ್ನು ಓದುಗ ತಾನೇ ಒಪ್ಪಿಕೊಳ್ಳುತ್ತಾನೆ. ಇವುಗಳಲ್ಲಿ ಒಂದಕ್ಕೂ ವರದಿ ಪುರಾವೆ ಕೊಟ್ಟಿಲ್ಲ. ಬಳಿಕ ‘ಹತ್ತಿದ್ದರಿಂದ’ ಬರುತ್ತದೆ. ಅಲ್ಲಿಗೆ ಕಾರಣದ ಹುಡುಕಾಟ ಮುಗಿಯುತ್ತದೆ. ಮಾರ್ಗ ಏಕೆ ಜೀವಂತವಾಗಿತ್ತು ಎಂಬ ಪ್ರಶ್ನೆಗೆ ವಾಕ್ಯದಲ್ಲಿ ಜಾಗವೇ ಉಳಿದಿಲ್ಲ. ಇನ್ನು ‘ನೌಕರನು… ಗಾಯಗೊಂಡಿರುತ್ತಾನೆ’ ಎಂಬ ಏಕವಚನ. ಅದೇ ವರದಿಯ ಮುಂದಿನ ಪುಟದಲ್ಲಿ ‘ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್‌ರವರು ಸ್ಥಳಕ್ಕೆ ಭೇಟಿ ನೀಡಿರುತ್ತಾರೆ’ ಎಂದಿರುತ್ತದೆ. ಆಸ್ಪತ್ರೆಯಲ್ಲಿ ಮಲಗಿದವರಿಗೆ ಏಕವಚನ, ಜೀಪಿನಲ್ಲಿ ಬಂದವರಿಗೆ ಬಹುವಚನ. ಇದರಲ್ಲಿ ದುರುದ್ದೇಶ ಇರಲಾರದು, ರೂಢಿ ಅಷ್ಟೆ. ಆದರೆ ಯಾರ ಮಾತನ್ನು ನಂಬಬೇಕೆಂಬುದನ್ನು ಈ ರೂಢಿ ಮೊದಲೇ ಸೂಚಿಸಿಬಿಡುತ್ತದೆ.

ಇದಕ್ಕೆ ಪರಿಹಾರವೆಂದು ಕೆಲವರು ಕರ್ಮಣಿ ಪ್ರಯೋಗದ ಮೊರೆ ಹೋಗುತ್ತಾರೆ: ‘ಲೈನ್ ಕ್ಲಿಯರ್ ನೀಡಲಾಗಿರುತ್ತದೆ, ಕಾರ್ಯ ಕೈಗೊಳ್ಳಲಾಗಿದ್ದು, ಆಕಸ್ಮಿಕವಾಗಿ ವಿದ್ಯುತ್ ಸ್ಪರ್ಶವಾಗಿರುತ್ತದೆ.’ ಇಲ್ಲಿ ಯಾರನ್ನೂ ದೂಷಿಸಿಲ್ಲ ನಿಜ. ಯಾರು ಯಾರಿಗೆ ಎಷ್ಟು ಹೊತ್ತಿಗೆ ಯಾವ ಫೀಡರಿಗೆ ಲೈನ್ ಕ್ಲಿಯರ್ ಕೊಟ್ಟರು ಎಂಬುದೂ ಉಳಿದಿಲ್ಲ. ‘ಆಕಸ್ಮಿಕವಾಗಿ’ ಎಂಬುದೂ ಒಂದು ತೀರ್ಪೇ. ಕಾರಣವಿಲ್ಲ ಎಂಬ ತೀರ್ಪು. ಕರ್ತೃವನ್ನು ಮರೆಮಾಡುವ ಪ್ರಯೋಗ ಓದುಗರ ಮನಸ್ಸಿನಲ್ಲಿ ಹೊಣೆಯನ್ನು ಕುಗ್ಗಿಸುತ್ತದೆ ಎಂಬುದು ಬರೀ ಊಹೆಯಲ್ಲ. ಕೈಟ್ಲಿನ್ ಫೌಸಿ ಮತ್ತು ಲೆರಾ ಬೊರೊಡಿಟ್ಸ್ಕಿ 2010ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪ್ರಯೋಗಗಳಲ್ಲಿ ಒಂದೇ ಘಟನೆಯನ್ನು ಕರ್ತೃವಿಟ್ಟು ಹೇಳಿದಾಗ ಓದುಗರು ಹೆಚ್ಚು ದೋಷ ಹೊರಿಸಿದರು, ಹೆಚ್ಚು ದಂಡ ಕಟ್ಟಬೇಕೆಂದರು. ಕರ್ತೃವಿಲ್ಲದೆ ಹೇಳಿದಾಗ ಎರಡೂ ಕಡಿಮೆಯಾದವು. ಹಾಗಾದರೆ ನಮ್ಮ ವರದಿಗಳಲ್ಲಿ ಗಮನಿಸಬೇಕಾದ್ದು ಕರ್ತೃ ಇರುವುದೋ ಇಲ್ಲದಿರುವುದೋ ಅಲ್ಲ, ಕರ್ತೃಗಳ ಹಂಚಿಕೆ. ಕೆಳಗಿನವರ ಕೆಲಸ ಕರ್ತರಿಯಲ್ಲಿ, ಮೇಲಿನವರ ಕೆಲಸ ಕರ್ಮಣಿಯಲ್ಲಿ ಬಂದರೆ ವರದಿ ಓರೆಯಾಗಿದೆ ಎಂದೇ ಅರ್ಥ. ಎಲ್ಲರಿಗೂ ಕರ್ತರಿ, ಎಲ್ಲರಿಗೂ ಬಹುವಚನ ಎಂಬುದು ಮೊದಲ ನಿಯಮವಾಗಬೇಕು.

ಅದೇ ಪ್ರಸಂಗವನ್ನು ಹಾಗೆ ಬರೆದರೆ ಹೀಗಾಗುತ್ತದೆ:

“10.40ಕ್ಕೆ ಪವರ್‌ಮ್ಯಾನ್ ಮೊಬೈಲಿನಲ್ಲಿ ಸ್ಟೇಷನ್ ಆಪರೇಟರ್ ಅವರಿಂದ ಪಂಪ್‌ಸೆಟ್ ಫೀಡರಿಗೆ ಲೈನ್ ಕ್ಲಿಯರ್ ಕೇಳಿದರು. 10.45ಕ್ಕೆ ಆಪರೇಟರ್ ಆ ಫೀಡರ್ ಬಂದ್ ಮಾಡಿ, ಬಂದ್ ಆಗಿದೆ ಎಂದು ತಿಳಿಸಿದರು. ಕೆಲಸದ ಕಂಬದ ಮೇಲೆ ಊರಿನ ಫೀಡರೂ ಹಾದಿದೆ. ಎರಡನ್ನು ಗುರುತಿಸುವ ಫಲಕ ಕಂಬದ ಮೇಲಿಲ್ಲ. ಊರಿನ ಫೀಡರಿಗೆ ಲೈನ್ ಕ್ಲಿಯರ್ ಕೇಳಿದ ದಾಖಲೆ ಸ್ಟೇಷನ್ನಿನ ಪುಸ್ತಕದಲ್ಲಿಲ್ಲ. ಶಾಖೆಯಲ್ಲಿ ಒಂದು ಜೊತೆ ಅರ್ಥಿಂಗ್ ರಾಡ್ ಇದ್ದು, ಆ ಹೊತ್ತಿಗೆ ಅದು ಬೇರೆ ತಂಡದ ಬಳಿ ಇತ್ತು. ಕೈಗವಸುಗಳು ವಾಹನದಲ್ಲಿದ್ದವು. ಗುತ್ತಿಗೆ ಕೆಲಸಗಾರರು ಬರಿಗೈಯಲ್ಲಿ ಕಂಬ ಹತ್ತಿದರು. 10.55ರ ಸುಮಾರಿಗೆ ಅವರ ಬಲಗೈ ಊರಿನ ಫೀಡರಿನ ಜಂಪರಿಗೆ ತಾಗಿತು.”

ಕೈಗವಸಿನ ಸಂಗತಿಯನ್ನು ಇಲ್ಲಿ ಬಿಟ್ಟಿಲ್ಲ ಎಂಬುದನ್ನು ಗಮನಿಸಬೇಕು. ಕೆಲಸಗಾರರಿಗೆ ಅನುಕೂಲವಲ್ಲದ ವಿವರವನ್ನು ನುಂಗುವುದು ತಟಸ್ಥತೆಯಲ್ಲ, ಇನ್ನೊಂದು ಬಗೆಯ ಪಕ್ಷಪಾತ. ಆದರೆ ‘ಧರಿಸದೆ’ ಹೋಗಿ ‘ವಾಹನದಲ್ಲಿದ್ದವು, ಬರಿಗೈಯಲ್ಲಿ ಹತ್ತಿದರು’ ಎಂದಾದ ಕೂಡಲೇ ಓದುವವರಲ್ಲಿ ಪ್ರಶ್ನೆ ಹುಟ್ಟುತ್ತದೆ: ಏಕೆ? ದಪ್ಪ ರಬ್ಬರ್ ಕೈಗವಸು ತೊಟ್ಟು ಜಂಪರ್ ಬೋಲ್ಟ್ ಬಿಗಿಯುವುದು ಎಷ್ಟು ಕಷ್ಟ ಎಂಬುದನ್ನು ಕಂಬ ಹತ್ತಿದವರೇ ಬಲ್ಲರು. ಹಾಗೆಯೇ ‘ಅರ್ಥಿಂಗ್ ಮಾಡದೆ’ ಎಂಬುದರ ಜಾಗದಲ್ಲಿ ಒಂದೇ ಜೊತೆ ರಾಡ್ ಎಂಬ ಸಂಗತಿ ಬಂದಾಗ ತನಿಖೆ ಕಂಬದಿಂದ ಇಳಿದು ಉಗ್ರಾಣದವರೆಗೆ ಹೋಗಬೇಕಾಗುತ್ತದೆ. ನಮೂನೆ ‘ಎ’ ಕೇಳುವುದೂ ಇದನ್ನೇ. ಯಾವ ಸುರಕ್ಷಾ ಸಾಧನ ಕೊಡಲಾಗಿತ್ತು, ಯಾವುದನ್ನು ಬಳಸಲಾಗಿತ್ತು, ಸ್ವಿಚ್‌ಗಳಿಂದ ಮಾರ್ಗವನ್ನು ಬೇರ್ಪಡಿಸಲಾಗಿತ್ತೇ, ಕೆಲಸದ ಜಾಗದಲ್ಲಿ ಅರ್ಥಿಂಗ್ ಇತ್ತೇ, ಮೇಲ್ವಿಚಾರಣೆ ಯಾರದಿತ್ತು ಎಂದು ಅದರಲ್ಲಿ ಬೇರೆ ಬೇರೆ ಅಂಕಣಗಳಿವೆ. 161ನೇ ಕಲಮು ಪರಿವೀಕ್ಷಕರಿಂದ ಬಯಸುವುದು ಅಪಘಾತದ ಕಾರಣವನ್ನು ಮತ್ತು ಕಾಯ್ದೆ-ನಿಯಮಗಳ ಪಾಲನೆ ಎಷ್ಟರಮಟ್ಟಿಗೆ ಆಗಿತ್ತೆಂಬುದನ್ನು. ತಪ್ಪಿತಸ್ಥ ಯಾರೆಂಬ ಅಂಕಣ ನಮೂನೆಯಲ್ಲಿಲ್ಲ. ಅದನ್ನು ಸೇರಿಸುವುದು ಬರೆಯುವ ಕೈ.

ಪದಗಳ ಈ ಆಯ್ಕೆಗೆ ಹಣದ ಲೆಕ್ಕವೂ ಅಂಟಿಕೊಂಡಿದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯ 74ನೇ ಕಲಮಿನಂತೆ ಕೆಲಸಗಾರರು ಸತ್ತರೆ ಅಥವಾ ಶಾಶ್ವತವಾಗಿ ಪೂರ್ಣ ಅಂಗವಿಕಲರಾದರೆ ಅವರ ತಪ್ಪನ್ನು ಮುಂದಿಟ್ಟು ಪರಿಹಾರ ತಪ್ಪಿಸುವಂತಿಲ್ಲ. ಆದರೆ ಗಾಯ ಅದಕ್ಕಿಂತ ಕಡಿಮೆಯಿದ್ದರೆ, ಸ್ಪಷ್ಟವಾಗಿ ಕೊಟ್ಟ ಆದೇಶವನ್ನೋ ನಿಯಮವನ್ನೋ ಉದ್ದೇಶಪೂರ್ವಕವಾಗಿ ಮೀರಿದ್ದು, ಸುರಕ್ಷಾ ಸಾಧನವನ್ನು ಬೇಕೆಂದೇ ಕಡೆಗಣಿಸಿದ್ದು ಅಪಘಾತಕ್ಕೆ ನೇರ ಕಾರಣವಾಗಿದ್ದರೆ ಮಾಲೀಕರಿಗೆ ಹೊಣೆಯಿಲ್ಲ. ಒಂದು ಕೈ ಕಳೆದುಕೊಳ್ಳುವುದು ಸಂಹಿತೆಯ ಪಟ್ಟಿಯ ಪ್ರಕಾರ ಶಾಶ್ವತ ಭಾಗಶಃ ಅಂಗವೈಕಲ್ಯ. ಅಂದರೆ ನಮ್ಮ ಪ್ರಸಂಗದ ಕೆಲಸಗಾರರು ಬದುಕಿ ಉಳಿದದ್ದರಿಂದಲೇ ಅವರ ಪರಿಹಾರ ಆ ಮೂರು ‘-ದೆ’ಗಳ ಕೈಗೆ ಸಿಕ್ಕಿಕೊಂಡಿದೆ. ಬರೀ ಅಜಾಗರೂಕತೆ ಉದ್ದೇಶಪೂರ್ವಕ ಉಲ್ಲಂಘನೆಯಲ್ಲ ಎಂಬುದು ಕಾನೂನಿನಲ್ಲಿ ಸ್ಥಿರವಾದ ಮಾತು. ಆದರೂ ಎದುರು ಪಕ್ಷದ ವಕೀಲರು ಮೊದಲು ಎತ್ತಿ ತೋರಿಸುವುದು 48 ಗಂಟೆಗಳೊಳಗೆ ಬರೆದ ಆ ವಾಕ್ಯವನ್ನೇ.

ನಿಜವಾಗಿಯೂ ಆದೇಶ ಮೀರಿದವರು ಇರುವುದಿಲ್ಲವೇ? ಇರುತ್ತಾರೆ. ಆಗಲೂ ಬರೆಯುವ ಬಗೆ ಬದಲಾಗಬೇಕಿಲ್ಲ. ಆದೇಶ ಯಾವುದು, ಯಾರು ಯಾವಾಗ ಕೊಟ್ಟರು, ಬಾಯಿಮಾತೋ ಬರಹವೋ, ಕೇಳಿಸಿಕೊಂಡವರು ಏನೆಂದರು, ಆಮೇಲೆ ಏನು ಮಾಡಿದರು ಎಂದು ಬರೆದರೆ ಸಾಕು. ‘ಉದ್ದೇಶಪೂರ್ವಕ’ ಎಂಬ ಪದವನ್ನು ಪರಿಹಾರ ನಿರ್ಣಯಿಸುವ ಪ್ರಾಧಿಕಾರಕ್ಕೆ ಬಿಡಬೇಕು; ಮನಸ್ಸಿನೊಳಗನ್ನು ನಿರ್ಣಯಿಸುವ ಅಧಿಕಾರ ಶಾಖಾಧಿಕಾರಿಗಿಲ್ಲ.

ಕೊನೆಗೆ ಹೇಳಿಕೆ ಬರೆದುಕೊಳ್ಳುವ ವಿಷಯ. ಹೆಚ್ಚಿನ ನಷ್ಟ ಆಗುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಈ ಭಾಗದ ಕೆಲಸಗಾರರು ‘ಫೋನ್ ಹಚ್ಚಿ ಕೇಳಿದ್ವಿರಿ, ಬಂದ್ ಮಾಡೇವಿ ಅಂದ್ರು, ಅದಕ್ಕ ಏರಿದೆ’ ಎನ್ನುತ್ತಾರೆ. ಈ ಮಾತಿನಲ್ಲಿ ಮೂರು ಕ್ರಿಯೆಗಳು ಕ್ರಮವಾಗಿವೆ, ಮೂವರು ಮನುಷ್ಯರಿದ್ದಾರೆ, ‘ಅದಕ್ಕ’ ಎಂಬುದರಲ್ಲಿ ಹತ್ತಿದವರ ತರ್ಕವಿದೆ. ಇದು ಕಚೇರಿ ಕನ್ನಡಕ್ಕೆ ಬಂದು ‘ಖಚಿತಪಡಿಸಿಕೊಳ್ಳದೆ ಕಂಬ ಹತ್ತಿರುತ್ತೇನೆ’ ಎಂದಾದಾಗ ಆಪರೇಟರ್ ಮಾಯ, ಫೋನ್ ಮಾಯ, ತರ್ಕವೂ ಮಾಯ. ಮುಗಿದ ಮೇಲೆ ಎಲ್ಲವೂ ಮೊದಲೇ ಕಾಣಿಸುವಂತಿತ್ತು ಎನಿಸುವುದು ಮನುಷ್ಯಸಹಜ. ಬರುಕ್ ಫಿಶ್‌ಹಾಫ್ 1975ರಲ್ಲೇ ಪ್ರಯೋಗಗಳಿಂದ ತೋರಿಸಿದ ದೋಷವಿದು. ಹತ್ತುವ ಕ್ಷಣದಲ್ಲಿ ಆ ಕೆಲಸಗಾರರಿಗೆ ಮಾರ್ಗ ಖಚಿತವಾಗಿಯೇ ಇತ್ತು. ಖಚಿತವಿರಲಿಲ್ಲ ಎಂಬುದು ನಮಗೆ ಗೊತ್ತಾಗಿರುವುದು ಅವರ ಕೈ ಸುಟ್ಟ ಮೇಲೆ.

ಆದ್ದರಿಂದ ಉಪವಿಭಾಗ ಕಚೇರಿಗಳಿಗೆ ಮೂರು ಕೋರಿಕೆ. ಹೇಳಿಕೆಯನ್ನು ಹೇಳಿದವರ ಮಾತಿನಲ್ಲೇ ಬರೆದುಕೊಂಡು, ಅವರಿಗೆ ಓದಿ ಹೇಳಿ ಸಹಿ ಪಡೆಯಿರಿ. ‘ಅಪಘಾತಕ್ಕೆ ಕಾರಣ’ ಎಂಬ ಅಂಕಣವನ್ನು ಉಳಿದ ಅಂಕಣಗಳೆಲ್ಲ ತುಂಬಿದ ಮೇಲೆ ಕೊನೆಯಲ್ಲಿ ತುಂಬಿರಿ. ಆ ಒಂದು ಅಂಕಣವನ್ನಾದರೂ ಕೆಲಸಕ್ಕೆ ಕಳಿಸಿದ ಶಾಖಾಧಿಕಾರಿಯ ಬದಲು ಬೇರೆ ಶಾಖೆಯ ಇಂಜಿನಿಯರ್ ಒಬ್ಬರಿಂದ ಬರೆಸಿರಿ. ದರ್ಜೆಯ ಷರತ್ತು ಪಾಲಿಸಿದರೆ 2005ರ ನಿಯಮಗಳಲ್ಲಿ ಇದಕ್ಕೆ ಅಡ್ಡಿಯಿಲ್ಲ.